ವಿಷಯ: ನಿಮ್ಮ ತಂದೆಯವರ ಬಗ್ಗೆ

ಸವಿತಾ ಅವರೇ,

ನಿಮ್ಮ ತಂದೆಯವರು ತೀರಿಕೊಂಡ ಸುದ್ದಿ ಬೆಳಿಗ್ಗೆ ತಿಳಿಯಿತು. ತುಂಬಾ ದುಃಖವಾಯಿತು. ಫೋನ್ ಮಾಡೋಣ ಎಂದುಕೊಂಡೆ, ಆದರೆ ಮನೆ ತುಂಬ ಜನ ಇರುತ್ತಾರೆ, ಮಾತಾಡುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ ಅನ್ನಿಸಿ ಸುಮ್ಮನಾದೆ.

ಹೋದ ವರ್ಷ ಅವರು ತಿಪಟೂರಿನಿಂದ ನಿಮ್ಮನ್ನು ನೋಡಲು ಬಂದಿದ್ದರಲ್ವಾ, ಆಗ ಚೀಲದ ತುಂಬ ಕೊಬ್ಬರಿ ತಂದು ನಮಗೆಲ್ಲ ಹಂಚಿದ್ದರು. ನನ್ನ ಕೈಗೆ ಎರಡು ಗಿಟುಕು ಕೊಟ್ಟು, "ನಮ್ಮ ಹುಡುಗಿ ಊಟ ಬಿಟ್ಟು ಕೆಲಸ ಮಾಡ್ತಾಳೆ, ಸ್ವಲ್ಪ ನೋಡ್ಕೊಳ್ಳಿ" ಎಂದಿದ್ದರು. ಇವತ್ತು ಬೆಳಿಗ್ಗೆಯಿಂದ ಆ ಮಾತೇ ಕಿವಿಯಲ್ಲಿದೆ.

ಕೆಲಸದ ಯೋಚನೆ ಬೇಡವೇ ಬೇಡ. 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಅನ್ನು ಮಂಜುನಾಥ್ ನೋಡಿಕೊಳ್ಳುತ್ತಾರೆ. ಏನಾದರೂ ಗೊತ್ತಾಗದಿದ್ದರೆ ನನ್ನನ್ನೇ ಕೇಳುತ್ತಾರೆ, ನಿಮಗೆ ಯಾರೂ ಫೋನ್ ಮಾಡುವುದಿಲ್ಲ. ರಜೆಯ ಅರ್ಜಿಯನ್ನು ನಿಮ್ಮ ಪರವಾಗಿ ನಾನೇ ಹಾಕಿದ್ದೇನೆ. ಕಾರ್ಯಗಳೆಲ್ಲ ಮುಗಿದ ಮೇಲೂ ಅಮ್ಮನ ಜೊತೆ ಇನ್ನಷ್ಟು ದಿನ ಇರಬೇಕು ಅನ್ನಿಸಿದರೆ ಇದ್ದುಬಿಡಿ. ನೆಂಟರೆಲ್ಲ ಹೊರಟ ಮೇಲೆ ಮನೆ ಜಾಸ್ತಿ ಖಾಲಿ ಅನ್ನಿಸುತ್ತದೆ. ನನ್ನ ತಾಯಿ ಹೋದಾಗ ನನಗೂ ಹಾಗೇ ಆಗಿತ್ತು. ಆಮೇಲೆ ಬೇಕಾದರೆ ಕೆಲವು ವಾರ ಊರಿನಿಂದಲೇ ಕೆಲಸ ಮಾಡಬಹುದು.

ಭಾನುವಾರ ನಾನು, ಮಂಜುನಾಥ್ ಮತ್ತು ಶೈಲಜಾ ತಿಪಟೂರಿಗೆ ಬರುತ್ತಿದ್ದೇವೆ. ಊಟ, ಕಾಫಿ ಏನೂ ಯೋಚಿಸಬೇಡಿ. ಅಮ್ಮನನ್ನು ಕಂಡು ಸ್ವಲ್ಪ ಹೊತ್ತು ಕೂತು ಬರುತ್ತೇವೆ.

ದುಡ್ಡು, ಓಡಾಟ, ಏನೇ ಬೇಕಿದ್ದರೂ ಸಂಕೋಚ ಬೇಡ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ. ಈ ಮೇಲ್‌ಗೆ ಉತ್ತರ ಬರೆಯಬೇಕಿಲ್ಲ.

ನಿಮ್ಮ,
ರಘುನಂದನ್