ಫಲಿತಾಂಶಗಳು: ಬರೆಯುವ ಕೈ ಮತ್ತು ಇನ್ನೊಂದು ಕೈಯ ಪ್ರತಿಕ್ರಿಯೆ ಸಮಯ

ಅಳತೆಗಳು

ಬೀಳುವ ಸ್ಕೇಲನ್ನು ಹಿಡಿಯುವ ಪ್ರಯೋಗದಲ್ಲಿ ನಮ್ಮ ಬ್ಯಾಚಿನ 12 ವಿದ್ಯಾರ್ಥಿಗಳ ಅಳತೆ ತೆಗೆದುಕೊಂಡೆವು. ಪ್ರತಿಯೊಬ್ಬರೂ 30 ಸೆಂ.ಮೀ. ಸ್ಕೇಲನ್ನು ಬರೆಯುವ ಕೈಯಿಂದ 5 ಸಲ, ಇನ್ನೊಂದು ಕೈಯಿಂದ 5 ಸಲ ಹಿಡಿದರು. 4 ಮತ್ತು 10ನೇ ವಿದ್ಯಾರ್ಥಿಗಳು ಎಡಗೈಯಲ್ಲಿ ಬರೆಯುವವರು. ಹಾಗಾಗಿ ಈ ವರದಿಯಲ್ಲಿ ಬಲಗೈ, ಎಡಗೈ ಎನ್ನದೆ ‘ಬರೆಯುವ ಕೈ’, ‘ಇನ್ನೊಂದು ಕೈ’ ಎಂದೇ ಬರೆದಿದ್ದೇವೆ.

ಸ್ಕೇಲ್ ಬಿದ್ದ ದೂರವನ್ನು ಸಮಯಕ್ಕೆ ಬದಲಾಯಿಸಲು ಬಳಸಿದ ಸೂತ್ರ:

```
T = √(2h / g),  g = 9.8 m/s²
```

ಉದಾಹರಣೆಗೆ, ಸ್ಕೇಲ್ 18.0 ಸೆಂ.ಮೀ. ಬಿದ್ದಿದ್ದರೆ h = 0.180 ಮೀ. ಆಗ T = √(0.360 / 9.8) = 0.192 ಸೆಕೆಂಡ್, ಅಂದರೆ 192 ಮಿಲಿಸೆಕೆಂಡ್. ಪ್ರತಿ ಸಲದ ದೂರವನ್ನೂ ಮೊದಲು ಸಮಯಕ್ಕೆ ಬದಲಾಯಿಸಿ, ಆಮೇಲೆ ಸರಾಸರಿ ತೆಗೆದಿದ್ದೇವೆ. ಮೊದಲೇ ದೂರಗಳ ಸರಾಸರಿ ತೆಗೆದರೆ ವರ್ಗಮೂಲದಿಂದಾಗಿ ಉತ್ತರ ಸ್ವಲ್ಪ ಬೇರೆ ಬರುತ್ತದೆ.

ಕೋಷ್ಟಕ 1ರಲ್ಲಿ ಪ್ರತಿಯೊಬ್ಬರ ಸರಾಸರಿ ಸಮಯ ಇದೆ. ಕೊನೆಯ ಕಾಲಂನಲ್ಲಿರುವ d ಅಂದರೆ ಇನ್ನೊಂದು ಕೈಯ ಸಮಯದಿಂದ ಬರೆಯುವ ಕೈಯ ಸಮಯ ಕಳೆದರೆ ಉಳಿಯುವುದು. d ಧನ ಸಂಖ್ಯೆಯಾಗಿದ್ದರೆ ಬರೆಯುವ ಕೈ ಚುರುಕಾಗಿತ್ತು ಎಂದರ್ಥ.

ಕೋಷ್ಟಕ 1. ಪ್ರತಿಕ್ರಿಯೆ ಸಮಯ, ಮಿಲಿಸೆಕೆಂಡ್‌ಗಳಲ್ಲಿ

| ವಿದ್ಯಾರ್ಥಿ | ಬರೆಯುವ ಕೈ | ಇನ್ನೊಂದು ಕೈ | ವ್ಯತ್ಯಾಸ d |
|---|---|---|---|
| 1 | 192 | 201 | 9 |
| 2 | 178 | 190 | 12 |
| 3 | 205 | 203 | −2 |
| 4 | 186 | 199 | 13 |
| 5 | 214 | 222 | 8 |
| 6 | 171 | 178 | 7 |
| 7 | 198 | 216 | 18 |
| 8 | 183 | 180 | −3 |
| 9 | 209 | 219 | 10 |
| 10 | 190 | 195 | 5 |
| 11 | 176 | 191 | 15 |
| 12 | 201 | 205 | 4 |
| ಸರಾಸರಿ | 191.9 | 199.9 | 8.0 |
| ಸ್ಟ್ಯಾಂಡರ್ಡ್ ಡೀವಿಯೇಶನ್ | 13.7 | 14.2 | 6.3 |

7ನೇ ವಿದ್ಯಾರ್ಥಿಯ ಇನ್ನೊಂದು ಕೈಯಲ್ಲಿ ಒಮ್ಮೆ ಸ್ಕೇಲ್ ಪೂರ್ತಿ ಜಾರಿ ನೆಲಕ್ಕೆ ಬಿತ್ತು. ಅದಕ್ಕೆ ಅಳತೆಯೇ ಇಲ್ಲ. ಆದ್ದರಿಂದ ಆ 216 ಎಂಬುದು 4 ಅಳತೆಗಳ ಸರಾಸರಿ. ಉಳಿದೆಲ್ಲ ಸಂಖ್ಯೆಗಳೂ 5 ಅಳತೆಗಳ ಸರಾಸರಿ.

ಕೋಷ್ಟಕದಲ್ಲಿ ಕಾಣುವುದು

12 ಜನರಲ್ಲಿ 10 ಜನರಿಗೆ ಬರೆಯುವ ಕೈ ಚುರುಕಾಗಿತ್ತು. 3 ಮತ್ತು 8ನೇ ವಿದ್ಯಾರ್ಥಿಗಳಲ್ಲಿ ಮಾತ್ರ ಇದು ಉಲ್ಟಾ, ಅದೂ 2–3 ಮಿಲಿಸೆಕೆಂಡ್ ಅಷ್ಟೇ. ಸರಾಸರಿ ವ್ಯತ್ಯಾಸ 8.0 ಮಿಲಿಸೆಕೆಂಡ್. ಸ್ಕೇಲಿನ ಮೇಲೆ ಇದು ಸುಮಾರು 1.5 ಸೆಂ.ಮೀ. ದೂರ, ಕಣ್ಣಿಗೆ ಕಾಣುವಷ್ಟು.

ಆದರೆ ಮೊದಲ ಎರಡು ಕಾಲಂಗಳನ್ನು ಮಾತ್ರ ನೋಡಿದರೆ ಈ 8 ಮಿಲಿಸೆಕೆಂಡ್ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬರೆಯುವ ಕೈಯ ಸಮಯಗಳು 171ರಿಂದ 214ರವರೆಗೆ ಹರಡಿವೆ. ಇನ್ನೊಂದು ಕೈಯವು 178ರಿಂದ 222ರವರೆಗೆ. ಅಂದರೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರ 40 ಮಿಲಿಸೆಕೆಂಡ್ ದಾಟುತ್ತದೆ. ಅದರ ಮುಂದೆ ಕೈಗಳ ನಡುವಿನ ಅಂತರ ತೀರಾ ಚಿಕ್ಕದು. ಚುರುಕಾದವರು ಎರಡೂ ಕೈಯಲ್ಲಿ ಚುರುಕು, ನಿಧಾನದವರು ಎರಡೂ ಕೈಯಲ್ಲಿ ನಿಧಾನ. 6ನೇ ವಿದ್ಯಾರ್ಥಿ ಎರಡು ಕಾಲಂಗಳಲ್ಲೂ ಎಲ್ಲರಿಗಿಂತ ಮುಂದೆ, 5ನೇ ವಿದ್ಯಾರ್ಥಿ ಎರಡರಲ್ಲೂ ಎಲ್ಲರಿಗಿಂತ ಹಿಂದೆ. ಎರಡು ಕಾಲಂಗಳ ಕೋರಿಲೇಶನ್ r = 0.90.

ಪೇರ್ಡ್ ಟಿ-ಟೆಸ್ಟ್

ಪ್ರತಿ ಸಾಲಿನ ಎರಡೂ ಸಂಖ್ಯೆಗಳು ಒಬ್ಬರದೇ. ಹಾಗಾಗಿ ಪೇರ್ಡ್ ಟಿ-ಟೆಸ್ಟ್ ಬಳಸಿದೆವು. ಇದು ನೋಡುವುದು d ಕಾಲಂ ಒಂದನ್ನೇ. ಯಾರು ಚುರುಕು, ಯಾರು ನಿಧಾನ ಎಂಬ ಅಂತರ ಕಳೆಯುವಾಗಲೇ ಹೊರಟುಹೋಗಿರುತ್ತದೆ.

ನಲ್ ಹೈಪಾಥಿಸಿಸ್: ವ್ಯತ್ಯಾಸಗಳ ನಿಜವಾದ ಸರಾಸರಿ ಸೊನ್ನೆ. ಪರ್ಯಾಯ: ಅದು ಸೊನ್ನೆಯಲ್ಲ. ಯಾವ ಕೈ ಚುರುಕಾಗಿರಬೇಕು ಎಂದು ಮೊದಲೇ ತೀರ್ಮಾನಿಸಿರಲಿಲ್ಲ, ಆದ್ದರಿಂದ ಟೆಸ್ಟ್ ಎರಡೂ ಬದಿಯದು. ಮಿತಿಯನ್ನು 0.05 ಎಂದು ಅಳತೆ ಶುರುವಾಗುವ ಮೊದಲೇ ಇಟ್ಟುಕೊಂಡಿದ್ದೆವು.

ಈ ಟೆಸ್ಟ್‌ಗೆ ವ್ಯತ್ಯಾಸಗಳು ಹೆಚ್ಚುಕಡಿಮೆ ನಾರ್ಮಲ್ ಹಂಚಿಕೆಯಲ್ಲಿರಬೇಕು. ಮೂಲ ಸಮಯಗಳೇ ಹಾಗಿರಬೇಕು ಎಂದೇನಿಲ್ಲ. ಇದನ್ನು ತುಂಬಾ ಜನ ಅದಲುಬದಲು ಮಾಡಿಕೊಳ್ಳುತ್ತಾರೆ. 12 ವ್ಯತ್ಯಾಸಗಳನ್ನು ಗುಂಪು ಮಾಡಿದಾಗ ಹೀಗೆ ಬಂತು:

```
-5 … -1 | -3  -2
 0 …  4 |  4
 5 …  9 |  5   7   8   9
10 … 14 | 10  12  13
15 … 19 | 15  18
```

ನಡುವೆ ಜಾಸ್ತಿ, ತುದಿಗಳಲ್ಲಿ ಕಡಿಮೆ. ಒಂಟಿಯಾಗಿ ದೂರ ಸಿಡಿದ ಸಂಖ್ಯೆ ಯಾವುದೂ ಇಲ್ಲ. ಸರಾಸರಿ 8.0, ಮಧ್ಯಾಂಕ 8.5, ಎರಡೂ ಹತ್ತಿರವೇ ಇವೆ. 12 ಸಂಖ್ಯೆಗಳಿಂದ ಹಂಚಿಕೆಯ ಬಗ್ಗೆ ಇದಕ್ಕಿಂತ ಖಚಿತವಾಗಿ ಹೇಳುವುದು ಕಷ್ಟ. ಟೆಸ್ಟ್ ಬಳಸಬಾರದು ಎನ್ನುವಂಥದ್ದಂತೂ ಏನೂ ಕಾಣಲಿಲ್ಲ.

ಲೆಕ್ಕದ ಹಂತಗಳು:

```
Σd          = 96
d̄           = 96 / 12      = 8.0 ms
Σ(d − d̄)²   = 442
s           = √(442 / 11)  = 6.34 ms
SE          = 6.34 / √12   = 1.83 ms
t           = 8.0 / 1.83   = 4.37
df          = 12 − 1       = 11
```

ಜೋಡಿಗಳು 12, ಆದ್ದರಿಂದ ಡಿಗ್ರೀಸ್ ಆಫ್ ಫ್ರೀಡಂ 11. ಒಟ್ಟು 24 ಸಂಖ್ಯೆಗಳಿವೆ ಅಂತ 22 ಅಥವಾ 23 ಹಾಕುವಂತಿಲ್ಲ. 11ಕ್ಕೆ ಎರಡು ಬದಿಯ 0.05 ಮಿತಿಯಲ್ಲಿ ಪಟ್ಟಿ ಕೊಡುವ t ಬೆಲೆ 2.201. ನಮ್ಮ 4.37 ಅದನ್ನು ದೊಡ್ಡ ಅಂತರದಲ್ಲಿ ದಾಟಿದೆ. ಬರೆಯುವ ಕೈಯ ಸಮಯಗಳನ್ನು B ಕಾಲಂನಲ್ಲಿ, ಇನ್ನೊಂದು ಕೈಯವನ್ನು C ಕಾಲಂನಲ್ಲಿ ಹಾಕಿ ಸ್ಪ್ರೆಡ್‌ಶೀಟಿನಲ್ಲೂ ಪರೀಕ್ಷಿಸಿದೆವು:

```
=T.TEST(B2:B13, C2:C13, 2, 1)
```

ಇಲ್ಲಿ 2 ಅಂದರೆ ಎರಡು ಬದಿ, 1 ಅಂದರೆ ಪೇರ್ಡ್. ಉತ್ತರ 0.0011.

ಹಾಗಾಗಿ ನಲ್ ಹೈಪಾಥಿಸಿಸ್ ಅನ್ನು ಕೈಬಿಟ್ಟೆವು. ಬರೆಯುವ ಕೈಯ ಸರಾಸರಿ ಪ್ರತಿಕ್ರಿಯೆ ಸಮಯ ಇನ್ನೊಂದು ಕೈಗಿಂತ 8.0 ಮಿಲಿಸೆಕೆಂಡ್ ಕಡಿಮೆ ಇತ್ತು (95% ಕಾನ್ಫಿಡೆನ್ಸ್ ಇಂಟರ್ವಲ್ 4.0ರಿಂದ 12.0), t(11) = 4.37, p = 0.001.

ಕೈಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಇಷ್ಟು ದೊಡ್ಡ ಅಥವಾ ಇದಕ್ಕೂ ದೊಡ್ಡ t ಸುಮ್ನೆ ಆಕಸ್ಮಿಕವಾಗಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು 1. p ಹೇಳುವುದು ಇಷ್ಟನ್ನೇ. ನಲ್ ಹೈಪಾಥಿಸಿಸ್ ನಿಜವಾಗಿರುವ ಸಾಧ್ಯತೆ ಸಾವಿರಕ್ಕೆ 1 ಎಂದು ಅದನ್ನು ಓದಬಾರದು. ನಮ್ಮ ಮಟ್ಟಿಗೆ p ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆ 4.0ರಿಂದ 12.0ರ ವ್ಯಾಪ್ತಿ. ವ್ಯತ್ಯಾಸ ಇದೆ ಎಂಬುದರ ಜೊತೆಗೆ, ಅದರ ಗಾತ್ರ ನಮಗೆ ಎಷ್ಟು ಸಡಿಲವಾಗಿ ಗೊತ್ತಿದೆ ಎಂಬುದನ್ನೂ ಅದು ತೋರಿಸುತ್ತದೆ. ಕೆಳತುದಿಗೂ ಮೇಲ್ತುದಿಗೂ ಮೂರು ಪಟ್ಟು ಅಂತರ ಇದೆ.

ಜೋಡಿ ಬಿಡಿಸಿ ನೋಡಿದರೆ

ಇದೇ ಸಂಖ್ಯೆಗಳನ್ನು ಬೇರೆ ಬೇರೆ ಜನರ ಎರಡು ಗುಂಪು ಎಂದುಕೊಂಡು ಸಾಮಾನ್ಯ ಟಿ-ಟೆಸ್ಟ್ ಮಾಡಿದರೆ ಏನಾಗುತ್ತದೆ ಎಂದು ಹೋಲಿಕೆಗಾಗಿ ನೋಡಿದೆವು. ಸರಾಸರಿಗಳ ವ್ಯತ್ಯಾಸ ಅದೇ 8.0. ಆದರೆ ಸ್ಟ್ಯಾಂಡರ್ಡ್ ಎರರ್ 1.83ರಿಂದ 5.71ಕ್ಕೆ ಏರುತ್ತದೆ. t(22) = 1.40, p = 0.18. ಅಂದರೆ ಏನೂ ಸಿಗಲಿಲ್ಲ ಎಂದು ಬರೆಯಬೇಕಾಗುತ್ತಿತ್ತು! ಜನರ ನಡುವಿನ ಅಂತರವೆಲ್ಲ ಸ್ಟ್ಯಾಂಡರ್ಡ್ ಎರರ್ ಒಳಗೆ ಸೇರಿಕೊಂಡಿದ್ದೇ ಇದಕ್ಕೆ ಕಾರಣ. ಈ ಲೆಕ್ಕ ನಮ್ಮ ಪ್ರಯೋಗಕ್ಕೆ ಹೊಂದುವುದಿಲ್ಲ, ಆದ್ದರಿಂದ ಇದನ್ನು ಫಲಿತಾಂಶವಾಗಿ ಪರಿಗಣಿಸಿಲ್ಲ.

ಮೊದಲು ಯಾವ ಕೈ

ಬೆಸ ಸಂಖ್ಯೆಯ 6 ಜನ ಬರೆಯುವ ಕೈಯಿಂದ ಶುರು ಮಾಡಿದರು, ಸಮ ಸಂಖ್ಯೆಯ 6 ಜನ ಇನ್ನೊಂದು ಕೈಯಿಂದ. ವ್ಯತ್ಯಾಸದ ಸರಾಸರಿ ಮೊದಲ ಗುಂಪಿನಲ್ಲಿ 9.7, ಎರಡನೇ ಗುಂಪಿನಲ್ಲಿ 6.3 ಮಿಲಿಸೆಕೆಂಡ್. ಎರಡರಲ್ಲೂ ಬರೆಯುವ ಕೈಯೇ ಮುಂದೆ. ಎರಡನೇ ಸರದಿಯ ಹೊತ್ತಿಗೆ ಅಭ್ಯಾಸವಾಗಿ ಕೈ ಚುರುಕಾಗಿದ್ದರೆ ಮೊದಲ ಗುಂಪಿನ ವ್ಯತ್ಯಾಸವೇ ಚಿಕ್ಕದಾಗಬೇಕಿತ್ತು. ಆದದ್ದು ಅದಕ್ಕೆ ಉಲ್ಟಾ. ಒಂದೊಂದು ಗುಂಪಿನಲ್ಲಿ ಬರೀ 6 ಜನ ಇರುವುದರಿಂದ ಈ 3.3 ಮಿಲಿಸೆಕೆಂಡಿಗೆ ನಾವು ಅರ್ಥ ಹಚ್ಚುತ್ತಿಲ್ಲ.

ಅಳತೆಯ ಮಿತಿ ಮತ್ತು 7ನೇ ವಿದ್ಯಾರ್ಥಿ

ಬೆರಳು ಸ್ಕೇಲನ್ನು ಎಲ್ಲಿ ಹಿಡಿಯಿತು ಎಂದು ಓದುವಾಗ ಅರ್ಧ ಸೆಂ.ಮೀ. ಆಚೀಚೆ ಆಗುವುದು ಸಹಜ. 195 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಅದು ಸುಮಾರು 2.6 ಮಿಲಿಸೆಕೆಂಡಿಗೆ ಸಮ. 5 ಸಲದ ಸರಾಸರಿ ತೆಗೆದಾಗ ಇದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೂ ಒಬ್ಬೊಬ್ಬರ −2, −3, 4 ಇಂಥ ಚಿಕ್ಕ ವ್ಯತ್ಯಾಸಗಳನ್ನು ಬಿಡಿಬಿಡಿಯಾಗಿ ನಂಬುವಂತಿಲ್ಲ. ಹಾಗಾಗಿ 3 ಮತ್ತು 8ನೇ ವಿದ್ಯಾರ್ಥಿಗಳ ಇನ್ನೊಂದು ಕೈ ನಿಜಕ್ಕೂ ಚುರುಕು ಎಂದು ಈ ಅಳತೆಗಳಿಂದ ಹೇಳಲಾಗದು.

ಅತಿ ದೊಡ್ಡ ವ್ಯತ್ಯಾಸ, 18, ಇರುವುದು 7ನೇ ಸಾಲಿನಲ್ಲಿ. ಒಂದು ಅಳತೆ ಕೈಬಿಟ್ಟದ್ದೂ ಅದೇ ಸಾಲಿನಲ್ಲಿ. ಇಡೀ ಫಲಿತಾಂಶ ಆ ಒಬ್ಬರ ಮೇಲೆ ನಿಂತಿದೆಯೇ ಎಂದು ಯಾರಿಗಾದರೂ ಅನುಮಾನ ಬರಬೇಕು, ಅಲ್ವಾ? ಆ ಸಾಲನ್ನೇ ತೆಗೆದು 11 ಜೋಡಿಗಳಿಂದ ಲೆಕ್ಕ ಮಾಡಿದರೆ ಸರಾಸರಿ ವ್ಯತ್ಯಾಸ 7.1 ಮಿಲಿಸೆಕೆಂಡ್, t(10) = 4.08, p = 0.002. ತೀರ್ಮಾನ ಬದಲಾಗುವುದಿಲ್ಲ. ಇನ್ನು, ಜಾರಿದ ಸಲವನ್ನು ಬಿಟ್ಟದ್ದರಿಂದ ವ್ಯತ್ಯಾಸ ಹಿಗ್ಗಿಲ್ಲ, ಬದಲಿಗೆ ಕುಗ್ಗಿದೆ. 30 ಸೆಂ.ಮೀ. ಸ್ಕೇಲ್ ಪೂರ್ತಿ ಜಾರಬೇಕಾದರೆ ಕನಿಷ್ಠ 247 ಮಿಲಿಸೆಕೆಂಡ್ ಆಗಿರಲೇಬೇಕು. ಅದನ್ನು ಸೇರಿಸಿದ್ದರೆ 7ನೇ ವಿದ್ಯಾರ್ಥಿಯ ಸರಾಸರಿ 216ರ ಬದಲು ಕಡಿಮೆಯೆಂದರೂ 222 ಆಗುತ್ತಿತ್ತು, d 24 ದಾಟುತ್ತಿತ್ತು. ನಿಜವಾದ ಸಮಯ ಎಷ್ಟೆಂದು ಸ್ಕೇಲ್ ತೋರಿಸಲಾರದ ಕಾರಣ ಆ ಸಂಖ್ಯೆಯನ್ನು ಕೋಷ್ಟಕಕ್ಕೆ ಸೇರಿಸಿಲ್ಲ.