ಬೆಣ್ಣೆ, ಟ್ರೇ, ನಮಸ್ಕಾರ: 20 ಸೆಕೆಂಡಿನ ವಿಡಿಯೋಗೆ ಪ್ರಾಂಪ್ಟ್

ದಾವಣಗೆರೆಯ ಸಣ್ಣ ಬೆಣ್ಣೆ ದೋಸೆ ಹೋಟೆಲ್, ಬೆಳಗ್ಗೆ 8 ಗಂಟೆ. ಕೆಂಪು ಗಾರೆ ನೆಲ, ನಾಲ್ಕೈದು ಟೇಬಲ್, ಬಲಗಡೆ ಗಲ್ಲಾ, ಹಿಂದೆ ಅಡುಗೆಮನೆ ಬಾಗಿಲು. ಅಲ್ಲಿಂದ ಸೌದೆ ಒಲೆಯ ಹೊಗೆ ತೆಳ್ಳಗೆ ಬರುತ್ತಿದೆ.

ಕ್ಯಾಮೆರಾ ಅಲ್ಲಾಡಬಾರದು. ಒಂದೇ ಶಾಟ್, ಕಟ್ ಬೇಡ. ಸಪ್ಲೈಯರ್ ತಲೆಯಿಂದ ಪಾದದವರೆಗೆ ಪೂರ್ತಿ ಕಾಣಬೇಕು. ಪಾದ ಕಾಣದಿದ್ದರೆ ಜಾರಿದ್ದು ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಸಪ್ಲೈಯರ್ ಇಪ್ಪತ್ತರ ಹುಡುಗ. ನೀಲಿ ಅಂಗಿ, ಸವೆದ ಹವಾಯಿ ಚಪ್ಪಲಿ. ಬಲ ಅಂಗೈ ಮೇಲೆ ಸ್ಟೀಲ್ ಟ್ರೇ, ಅದರಲ್ಲಿ ನಾಲ್ಕು ಪ್ಲೇಟ್. ಪ್ರತಿ ಪ್ಲೇಟಿನಲ್ಲಿ ಅಂಗೈಗಿಂತ ತುಸು ದೊಡ್ಡ ದೋಸೆ, ಮೇಲೆ ಬೆಣ್ಣೆ ಮುದ್ದೆ, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ದಯವಿಟ್ಟು ಮಸಾಲೆ ದೋಸೆ ಹಾಗೆ ಉದ್ದಕ್ಕೆ ಸುತ್ತಿ ಇಡಬೇಡಿ. ನಮ್ಮೂರವರು ನಗುವುದು ಬಿಟ್ಟು ಅದನ್ನೇ ಹಿಡಿದುಕೊಂಡು ಕೂರುತ್ತಾರೆ.

0–4 ಸೆಕೆಂಡ್: ಹುಡುಗ ಅಡುಗೆಮನೆಯಿಂದ ಬರುತ್ತಾನೆ. ಎಡಗಡೆಯಿಂದ ಗಾಂಧಿ ಟೋಪಿಯ ಅಜ್ಜ "ತಮ್ಮಾ, ಚಟ್ನಿ!" ಅನ್ನುತ್ತಾರೆ. ಹುಡುಗ ಆ ಕಡೆ ತಿರುಗುತ್ತಾನೆ, ಟ್ರೇ ಓರೆಯಾಗುತ್ತದೆ. ಬಿಸಿಗೆ ಕರಗುತ್ತಿದ್ದ ಒಂದು ಬೆಣ್ಣೆ ಮುದ್ದೆ ಜಾರಿ ನೆಲಕ್ಕೆ 'ಪಚಕ್'. ಅವನಿಗೆ ಗೊತ್ತಿಲ್ಲ. ನೋಡುವವರಿಗೆ ಗೊತ್ತು. ಬೆಣ್ಣೆ ಒಂದು ಸೆಕೆಂಡ್ ಸುಮ್ನೆ ಬಿದ್ದಿರಲಿ.

4–9: ಅಜ್ಜನ ಕಡೆ ಹೋಗುವಾಗ ಕಾಲು ಬೆಣ್ಣೆಯನ್ನು ದಾಟುತ್ತದೆ. ವಾಪಸ್ ಬರುವಾಗ ಕೂದಲೆಳೆಯಲ್ಲಿ ತಪ್ಪುತ್ತದೆ. ಅಜ್ಜ ಮತ್ತೆ "ತಮ್ಮಾ!" ಅನ್ನುತ್ತಾರೆ. ಹುಡುಗ ಗಕ್ಕನೆ ತಿರುಗುತ್ತಾನೆ. ಈ ಸಲ ಎಡಗಾಲು ನೇರ ಬೆಣ್ಣೆ ಮೇಲೆ.

9–12: ಕಾಲು ಮುಂದೆ, ಮೈ ಹಿಂದೆ. ಜಾರಿದ ರಭಸಕ್ಕೆ ಒಂದು ಸುತ್ತು ತಿರುಗಿ ಗಲ್ಲಾ ಮುಂದೆ ಬಂದು ನಿಲ್ಲುತ್ತಾನೆ. ಟ್ರೇ ತಲೆ ಮೇಲೆ, ಮಟ್ಟವಾಗಿ. ಒಂದು ಪ್ಲೇಟೂ ಬಿದ್ದಿಲ್ಲ.

12–14: ಪೂರ್ತಿ ಮೌನ. ಫ್ಯಾನ್ ಸದ್ದು ಮಾತ್ರ. ಇಲ್ಲಿ ಅವಸರ ಮಾಡಿದರೆ ಇಷ್ಟು ಹೊತ್ತು ಕಟ್ಟಿದ್ದೆಲ್ಲ ಕೆಟ್ಟಿತು ಅಂತಲೇ ಲೆಕ್ಕ.

14–17: ಅಜ್ಜ ಮೊದಲು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಎಲ್ಲರೂ. ಹುಡುಗ ಉಬ್ಬಿಹೋಗಿ ಎಲ್ಲರಿಗೂ ಕೈ ಮುಗಿಯುತ್ತಾನೆ. ಎರಡೂ ಕೈಯಲ್ಲಿ. ಟ್ರೇ ಅರೆ ಸೆಕೆಂಡ್ ತಡವಾಗಿ, ಅವನ ಹಿಂದೆ ಬೀಳುತ್ತದೆ. ಅಂಚು ಗಲ್ಲಾಕ್ಕೆ ಬಡಿದು ಮಾಲೀಕರ ಕಡೆ ಮಗುಚುತ್ತದೆ. ಹುಡುಗ ಇನ್ನೂ ಕೈ ಮುಗಿದೇ ಇದ್ದಾನೆ, ನಗು ಮಾತ್ರ ಇಳಿಯುತ್ತಿದೆ.

17–20: ಮಾಲೀಕರ ಬಿಳಿ ಅಂಗಿಯ ಮೇಲೆ ಚಟ್ನಿ, ಕನ್ನಡಕಕ್ಕೆ ಪಲ್ಯ, ಎದೆಗೆ ಅಂಟಿದ ಒಂದು ದೋಸೆ. ಬೈಯುವುದಿಲ್ಲ, ಮುಖ ಅಲ್ಲಾಡುವುದೂ ಇಲ್ಲ. ಎದೆ ಮೇಲಿನ ದೋಸೆಯಲ್ಲಿ ಬೆಣ್ಣೆ ಇಲ್ಲದ್ದನ್ನು ನೋಡಿ, ಬಿಲ್ ಪುಸ್ತಕ ತೆಗೆದು ಬರೆಯುತ್ತಾ ಹೇಳುತ್ತಾರೆ: "ಮೂರು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ. ನಿನ್ ಲೆಕ್ಕಕ್ಕೆ ಕಣಲೇ."