ಹೃದ್ರೋಗ ತಜ್ಞರಿಗೆ ಶಿಫಾರಸು ಪತ್ರ: ಸ್ಟೆಂಟ್ ಆಗಿ ಏಳು ತಿಂಗಳು, ಹುಣ್ಣಿನ ರಕ್ತಸ್ರಾವ, ಟಿಕಾಗ್ರೆಲಾರ್ ಬಗ್ಗೆ ನಿರ್ಧಾರ ಬೇಕಿದೆ

ತೀರ್ಥಹಳ್ಳಿ
22 ಮಾರ್ಚ್ 2025

ಇವರಿಗೆ:
ಹೃದ್ರೋಗ ತಜ್ಞರು, ಶಿವಮೊಗ್ಗ

ರೋಗಿ: ಶ್ರೀ ತಿಮ್ಮಪ್ಪ, 68 ವರ್ಷ, ಅಡಿಕೆ ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು. ತೂಕ 58 ಕೆ.ಜಿ. ಔಷಧಿ ಅಲರ್ಜಿ ಇಲ್ಲ.

ತುರ್ತು: ಎಮರ್ಜೆನ್ಸಿ ಅಲ್ಲ, ಆದರೆ ಒಂದು ವಾರದೊಳಗೆ ನೋಡಬೇಕೆಂದು ಕೋರಿಕೆ.

ಮಾನ್ಯ ಡಾಕ್ಟರ್ ಅವರಿಗೆ ನಮಸ್ಕಾರ.

ಕಳೆದ ಆಗಸ್ಟ್‌ನಲ್ಲಿ ನೀವೇ ಸ್ಟೆಂಟ್ ಹಾಕಿದ ತಿಮ್ಮಪ್ಪನವರನ್ನು ಒಂದು ನಿರ್ದಿಷ್ಟ ಪ್ರಶ್ನೆಯೊಂದಿಗೆ ಕಳಿಸುತ್ತಿದ್ದೇನೆ. ಮಾತ್ರೆ ಕೊಡುವವರು ಅವರ ಮಗಳು. ಅವರಿಗೂ ಓದಲು ಬರಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ಪ್ರಶ್ನೆ ಇದು: ಈ ತಿಂಗಳ ಆರಂಭದಲ್ಲಿ ಡುಯೋಡಿನಲ್ ಹುಣ್ಣಿನಿಂದ ರಕ್ತಸ್ರಾವವಾಗಿರುವ ಇವರಿಗೆ ಟಿಕಾಗ್ರೆಲಾರ್ ನಿಲ್ಲಿಸಿ ಕ್ಲೋಪಿಡೊಗ್ರೆಲ್ ಕೊಡಬಹುದೇ? ಕೊಡುವುದಾದರೆ 600 ಮಿ.ಗ್ರಾಂ. ಲೋಡಿಂಗ್ ಬೇಕೇ, ನೇರವಾಗಿ 75 ಮಿ.ಗ್ರಾಂ. ಸಾಕೇ? ಆಸ್ಪಿರಿನ್ ಸೇರಿ ಎರಡು ಮಾತ್ರೆಗಳ ಅವಧಿ ಆಗಸ್ಟ್ 14ರವರೆಗೆ ಪೂರ್ತಿ ಆಗಬೇಕೇ, ಅದಕ್ಕಿಂತ ಮೊದಲೇ ಒಂದಕ್ಕೆ ಇಳಿಸಬಹುದೇ?

ಇದರ ಜೊತೆಗೆ ಅವರಿಗೆ ಕುಳಿತಲ್ಲೇ ಬರುವ ಉಸಿರಾಟದ ತೊಂದರೆ ಟಿಕಾಗ್ರೆಲಾರ್‌ನಿಂದಲೇ, ಹೃದಯದಿಂದಲೇ ಎಂಬುದನ್ನೂ ನೋಡಿ ತಿಳಿಸಬೇಕು. ಮದ್ದು ಬದಲಿಸುವ ಮೊದಲೇ ಇದು ತೀರ್ಮಾನವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಹಿಂದಿನ ವಿವರ. 2024ರ ಆಗಸ್ಟ್ 14ರಂದು ಮುಂಭಾಗದ ಎಸ್‌ಟಿ ಎಲಿವೇಷನ್ ಹೃದಯಾಘಾತ. ಅದೇ ದಿನ ಎಲ್‌ಎಡಿಯ ಆರಂಭದ ಭಾಗಕ್ಕೆ 3.0 × 28 ಮಿ.ಮೀ. ಔಷಧಲೇಪಿತ ಸ್ಟೆಂಟ್. ಬಲ ಕೊರೊನರಿಯಲ್ಲಿ ಶೇ. 50ರ ಅಡಚಣೆಗೆ ಮದ್ದು ಸಾಕೆಂದು ನಿಮ್ಮ ಡಿಸ್ಚಾರ್ಜ್ ಪತ್ರದಲ್ಲಿದೆ. ಇಜೆಕ್ಷನ್ ಫ್ರಾಕ್ಷನ್ ಆಗ ಶೇ. 42, ಡಿಸೆಂಬರ್ ಎಕೋದಲ್ಲಿ ಶೇ. 48. ಸಕ್ಕರೆ ಕಾಯಿಲೆ 14 ವರ್ಷದಿಂದ, ಬಿಪಿ 9 ವರ್ಷದಿಂದ ಇದೆ. ಪಾರ್ಶ್ವವಾಯು ಆಗಿಲ್ಲ. ಹೃದಯಾಘಾತದ ನಂತರ ಬೀಡಿ ಬಿಟ್ಟಿದ್ದಾರೆ. ಎಲೆ-ಅಡಿಕೆಯ ಜೊತೆಗಿನ ಹೊಗೆಸೊಪ್ಪು ಇನ್ನೂ ಬಿಟ್ಟಿಲ್ಲ. ನೀವೂ ಒಂದು ಮಾತು ಹೇಳಿದರೆ ಕೇಳಿಯಾರು.

ಈ ಬಾರಿ ಆದದ್ದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಂಡಿನೋವು ಹೆಚ್ಚಾಗಿ, ಜನವರಿ ಮಧ್ಯದಿಂದ ಮೆಡಿಕಲ್ ಶಾಪ್‌ನಲ್ಲಿ ಡೈಕ್ಲೊಫೆನಾಕ್ ಕೊಂಡು ಹೆಚ್ಚುಕಡಿಮೆ ದಿನವೂ ನುಂಗಿದ್ದಾರೆ. ಮನೆಯವರಿಗೂ ಗೊತ್ತಿರಲಿಲ್ಲ. ಫೆಬ್ರವರಿ 28ರಂದು ಮಲ ಕಪ್ಪಗೆ, ಅಂಟಂಟಾಗಿ ಹೋಗತೊಡಗಿದಾಗ ಹೆದರಿ ಎಲ್ಲ ಮಾತ್ರೆಗಳನ್ನೂ ತಾವೇ ನಿಲ್ಲಿಸಿಬಿಟ್ಟರು. ಮಾರ್ಚ್ 3ರಂದು ನನ್ನ ಬಳಿ ಬಂದಾಗ ಬಿಪಿ 104/66, ನಾಡಿ 98, ಹಿಮೋಗ್ಲೋಬಿನ್ 8.9. ಆಗಸ್ಟ್‌ನಲ್ಲಿ ಅದು 13.1 ಇತ್ತು. ಒಳರೋಗಿಯಾಗಿ ಸೇರಿಸಿದೆವು. ರಕ್ತ ಕೊಡುವ ಅಗತ್ಯ ಬೀಳಲಿಲ್ಲ. ಆಸ್ಪಿರಿನ್ ಅಂದೇ ಮತ್ತೆ ಶುರು ಮಾಡಿದೆ.

5ರಂದು ಎಂಡೋಸ್ಕೋಪಿ: ಡುಯೋಡಿನಮ್ ಬಲ್ಬ್‌ನಲ್ಲಿ 6 ಮಿ.ಮೀ. ಹುಣ್ಣು, ತಳ ಶುಭ್ರ, ಫಾರೆಸ್ಟ್ 3. ಎಚ್. ಪೈಲೋರಿ ಪಾಸಿಟಿವ್. ನಿಮ್ಮ ವಿಭಾಗದ ಡ್ಯೂಟಿ ಡಾಕ್ಟರ್ ಜೊತೆ ಫೋನಿನಲ್ಲಿ ಮಾತಾಡಿ ಅಂದು ಸಂಜೆಯಿಂದಲೇ ಟಿಕಾಗ್ರೆಲಾರ್ ಮುಂದುವರಿಸಿದೆ. ಅಂದರೆ ಆ ಮಾತ್ರೆ ಸುಮಾರು ಐದು ದಿನ ತಪ್ಪಿದೆ. ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು: ಬೆಲೆ ಹೆಚ್ಚೆಂದು ನವೆಂಬರ್, ಡಿಸೆಂಬರ್‌ನಲ್ಲಿ ಹಲವು ದಿನ ದಿನಕ್ಕೆ ಒಂದೇ ಟಿಕಾಗ್ರೆಲಾರ್ ತಗೊಂಡಿದ್ದರೆಂದು ಮಗಳು ಈಗ ಹೇಳಿದ್ದಾರೆ.

ಎಚ್. ಪೈಲೋರಿಗೆ ಕ್ಲಾರಿಥ್ರೊಮೈಸಿನ್ ಕೊಡಲಿಲ್ಲ. ಅದು ಟಿಕಾಗ್ರೆಲಾರ್‌ನ ಮಟ್ಟವನ್ನು ವಿಪರೀತ ಏರಿಸುತ್ತದೆ. ಬದಲಿಗೆ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಪ್ಯಾಂಟೊಪ್ರಜೋಲ್ 14 ದಿನ ಕೊಟ್ಟು 19ಕ್ಕೆ ಮುಗಿಸಿದ್ದೇನೆ. ಬಿಸ್ಮತ್‌ನಿಂದಲೂ ಮಲ ಕಪ್ಪಾಗುವುದರಿಂದ ಈ ಎರಡು ವಾರ ಬಣ್ಣ ನೋಡಿ ಏನೂ ಹೇಳುವಂತಿರಲಿಲ್ಲ. ಹಾಗಾಗಿ ಹಿಮೋಗ್ಲೋಬಿನ್ನನ್ನೇ ನಂಬಿದೆ: ಮಾರ್ಚ್ 10ಕ್ಕೆ 9.0, 21ಕ್ಕೆ 9.8. ಕಬ್ಬಿಣದ ಮಾತ್ರೆ ಟೆಟ್ರಾಸೈಕ್ಲಿನ್ ಹೀರಿಕೆಗೆ ಅಡ್ಡಿ ಮಾಡುವುದರಿಂದ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ 500 ಮಿ.ಗ್ರಾಂ. ಡ್ರಿಪ್‌ನಲ್ಲಿ ಒಮ್ಮೆ ಕೊಟ್ಟಿದ್ದೇನೆ.

ಉಸಿರಿನ ವಿಷಯ. ಅವರ ಮಾತಲ್ಲೇ ಹೇಳುವುದಾದರೆ, "ಸುಮ್ನೆ ಕೂತಾಗ ಒಂದು ಉಸಿರು ಪೂರ್ತಿ ಒಳಗೆ ಹೋಗಲ್ಲ ಅನ್ಸುತ್ತೆ, ಬಾಯಿ ತೆಗೆದು ಎಳ್ಕೋಬೇಕು." ಅರ್ಧ ನಿಮಿಷದೊಳಗೆ ಸರಿಹೋಗುತ್ತದೆ, ದಿನಕ್ಕೆ ಹಲವು ಸಲ ಬರುತ್ತದೆ. ಇದು ಸೆಪ್ಟೆಂಬರ್‌ನಿಂದಲೇ ಇದೆ, ಕೇಳಿದ ಮೇಲೆ ಹೇಳಿದರು. ತೋಟದ ಏರು ಹತ್ತುವಾಗ ಬರುವುದಿಲ್ಲ. ರಾತ್ರಿ ದಿಂಬು ಏರಿಸಬೇಕಿಲ್ಲ. ಎದೆನೋವಿಲ್ಲ, ಕಾಲು ಬಾತಿಲ್ಲ. ಗಮನಿಸಬೇಕಾದದ್ದೆಂದರೆ, ಮಾತ್ರೆ ಬಿಟ್ಟ ದಿನಗಳಲ್ಲಿ ರಕ್ತ ಕಡಿಮೆಯಾಗಿದ್ದರೂ ಈ ತೊಂದರೆ ಪೂರ್ತಿ ನಿಂತಿತ್ತು, ಟಿಕಾಗ್ರೆಲಾರ್ ಶುರು ಮಾಡಿದ ಎರಡೇ ದಿನಕ್ಕೆ ಮರಳಿ ಬಂತು. ನನ್ನ ಅನುಮಾನ ಟಿಕಾಗ್ರೆಲಾರ್ ಮೇಲೇ ಇದೆ. ಆದರೆ ಎಲ್‌ಎಡಿ ಆರಂಭದಲ್ಲಿ ಸ್ಟೆಂಟ್ ಇರುವ, ಮಾತ್ರೆ ತಪ್ಪಿಸಿದ ಸಕ್ಕರೆ ರೋಗಿಯಲ್ಲಿ ಬರೀ ಲಕ್ಷಣ ನಂಬಿ ಹೃದಯದ ತೊಂದರೆ ಅಲ್ಲವೆಂದು ಬರೆಯಲು ನಾನು ಸಿದ್ಧಳಿಲ್ಲ.

ಇಂದಿನ ತಪಾಸಣೆ. ಬಿಪಿ 126/74, ನಾಡಿ 76 ಕ್ರಮಬದ್ಧ, ಆಮ್ಲಜನಕ ಶೇ. 98. ಕತ್ತಿನ ಅಭಿಧಮನಿ ಉಬ್ಬಿಲ್ಲ, ಶ್ವಾಸಕೋಶ ಸ್ವಚ್ಛ, ಮರ್ಮರ್ ಇಲ್ಲ. ಇಸಿಜಿ: ಸೈನಸ್ ರಿದಮ್, ವಿ1–ವಿ3ರಲ್ಲಿ ಹಳೆಯ ಕ್ಯೂ ಅಲೆಗಳು, ಡಿಸೆಂಬರ್ ಇಸಿಜಿಗೆ ಹೋಲಿಸಿದರೆ ಹೊಸ ಬದಲಾವಣೆ ಇಲ್ಲ. ಕ್ರಿಯಾಟಿನಿನ್ 1.4, ಇಜಿಎಫ್‌ಆರ್ 54, ಪೊಟ್ಯಾಸಿಯಂ 4.6, ಪ್ಲೇಟ್‌ಲೆಟ್ 2.3 ಲಕ್ಷ, ಎಚ್‌ಬಿಎ1ಸಿ 7.6, ಎಲ್‌ಡಿಎಲ್ 62.

ಈಗಿನ ಮಾತ್ರೆಗಳು (ಸ್ಟ್ರಿಪ್‌ಗಳನ್ನು ಇಂದು ಮೇಜಿನ ಮೇಲೆ ಸುರಿಸಿ ನೋಡಿ ಬರೆದದ್ದು):
ಆಸ್ಪಿರಿನ್ 75 ಮಿ.ಗ್ರಾಂ., ಮಧ್ಯಾಹ್ನ ಊಟದ ನಂತರ
ಟಿಕಾಗ್ರೆಲಾರ್ 90 ಮಿ.ಗ್ರಾಂ., ಬೆಳಿಗ್ಗೆ, ರಾತ್ರಿ
ರೋಸುವಾಸ್ಟಾಟಿನ್ 20 ಮಿ.ಗ್ರಾಂ., ರಾತ್ರಿ
ಮೆಟೊಪ್ರೊಲಾಲ್ ಸಕ್ಸಿನೇಟ್ 50 ಮಿ.ಗ್ರಾಂ., ಬೆಳಿಗ್ಗೆ
ರಾಮಿಪ್ರಿಲ್ 2.5 ಮಿ.ಗ್ರಾಂ., ರಾತ್ರಿ (ಮಾರ್ಚ್ 3ರಿಂದ 10ರವರೆಗೆ ನಿಲ್ಲಿಸಿದ್ದೆ)
ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ದಿನಕ್ಕೆ ಎರಡು ಸಲ
ಗ್ಲಿಮೆಪಿರೈಡ್ 1 ಮಿ.ಗ್ರಾಂ., ಬೆಳಿಗ್ಗೆ ತಿಂಡಿಗೆ ಮೊದಲು
ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ., ದಿನಕ್ಕೆ ಎರಡು ಸಲ
ಎದೆನೋವು ಬಂದರೆ ನಾಲಿಗೆ ಕೆಳಗೆ ಇಡಲು ನೈಟ್ರೊಗ್ಲಿಸರಿನ್, ಇದುವರೆಗೆ ಬಳಸಿಲ್ಲ.
ಡೈಕ್ಲೊಫೆನಾಕ್ ನಿಲ್ಲಿಸಲಾಗಿದೆ. ಮಂಡಿನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ನನ್ನ ಯೋಚನೆ ಎರಡೂ ಕಡೆ ಎಳೆಯುತ್ತಿದೆ. ರಕ್ತಸ್ರಾವಕ್ಕೆ ಕಾರಣ ಸಿಕ್ಕಿದೆ, ನೋವಿನ ಮಾತ್ರೆ ನಿಂತಿದೆ, ಎಚ್. ಪೈಲೋರಿಗೆ ಚಿಕಿತ್ಸೆ ಆಗಿದೆ. ಹಾಗಾಗಿ ಹನ್ನೆರಡು ತಿಂಗಳು ಮುಂದುವರಿಸಲು ಅವಕಾಶವಿದೆ. ಇನ್ನೊಂದೆಡೆ, ಆಸ್ಪತ್ರೆ ಸೇರಿಸಬೇಕಾದ ರಕ್ತಸ್ರಾವ ಮತ್ತು 11ಕ್ಕಿಂತ ಕಡಿಮೆ ಹಿಮೋಗ್ಲೋಬಿನ್ ಎರಡೂ ಇರುವ ಇವರು ಹೆಚ್ಚು ರಕ್ತಸ್ರಾವದ ಅಪಾಯದ ಗುಂಪಿಗೇ ಸೇರುತ್ತಾರೆ. ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ಆದರೆ ಉಸಿರಿನ ತೊಂದರೆಯೂ ತಗ್ಗಬಹುದು, ಬೆಲೆ ಕಡಿಮೆ, ದಿನಕ್ಕೆ ಒಂದೇ ಸಲ. ಮಾತ್ರೆ ತಪ್ಪುವುದು ಕಡಿಮೆಯಾಗುತ್ತದೆ. ನನ್ನ ಒಲವು ಅತ್ತ. ಸ್ಟೆಂಟ್ ಕೂತ ರೀತಿ ಕಣ್ಣಾರೆ ಕಂಡವರು ನೀವು. ಅಂತಿಮ ಮಾತು ನಿಮ್ಮದೇ. ನಿಮ್ಮ ಉತ್ತರ ಬರುವವರೆಗೆ ಎರಡೂ ಮಾತ್ರೆ ಬಿಡದೆ ನಡೆಯುತ್ತವೆ. ಕ್ಲೋಪಿಡೊಗ್ರೆಲ್ ಕೊಟ್ಟರೆ ಪ್ಯಾಂಟೊಪ್ರಜೋಲನ್ನೇ ಮುಂದುವರಿಸುತ್ತೇನೆ, ಒಮೆಪ್ರಜೋಲ್‌ಗೆ ಹೋಗುವುದಿಲ್ಲ.

ಉತ್ತರದಲ್ಲಿ ಯಾವ ಮಾತ್ರೆ, ಎಷ್ಟು, ಯಾವ ತಾರೀಖಿನವರೆಗೆ, ಅದಾದ ಮೇಲೆ ಯಾವುದು ಜೀವನಪೂರ್ತಿ ಎಂಬುದನ್ನು ದಯವಿಟ್ಟು ಬರೆದುಕೊಡಿ. ಹಿಮೋಗ್ಲೋಬಿನ್ ಎರಡು ವಾರಕ್ಕೊಮ್ಮೆ ನೋಡುವುದು, ಮೇ ತಿಂಗಳಲ್ಲಿ ಎಚ್. ಪೈಲೋರಿ ಹೋಗಿದೆಯೇ ಎಂದು ಪರೀಕ್ಷಿಸುವುದು, ಮಾತ್ರೆ ಎಣಿಸುವುದು ನನ್ನ ಹೊಣೆ. ಎದೆನೋವು, ತಲೆಸುತ್ತಿ ಬೀಳುವುದು ಅಥವಾ ಮತ್ತೆ ಕಪ್ಪು ಮಲ ಕಂಡರೆ ನನಗಾಗಿ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು ಎಂದು ಅಪ್ಪ-ಮಗಳಿಬ್ಬರಿಗೂ ಹೇಳಿದ್ದೇನೆ.

ವಂದನೆಗಳೊಂದಿಗೆ,
ಡಾ. ಪೂರ್ಣಿಮಾ, ಎಂ.ಬಿ.ಬಿ.ಎಸ್.
ಕುಟುಂಬ ವೈದ್ಯೆ, ತೀರ್ಥಹಳ್ಳಿ

ಲಗತ್ತು: ಆಗಸ್ಟ್ 2024ರ ಡಿಸ್ಚಾರ್ಜ್ ಪತ್ರದ ಪ್ರತಿ, ಡಿಸೆಂಬರ್ ಎಕೋ ಮತ್ತು ಇಸಿಜಿ, ಇಂದಿನ ಇಸಿಜಿ, ಎಂಡೋಸ್ಕೋಪಿ ವರದಿ, ಮಾರ್ಚ್ 3, 10 ಮತ್ತು 21ರ ರಕ್ತಪರೀಕ್ಷೆಗಳು.